ಗೌಟ್ ನೋವಿಗೆ ಕಾಲ್ಚಿಸಿನ್: ಬೇಗ ನುಂಗಬೇಕು, ಎಣಿಸಿ ನುಂಗಬೇಕು

ಮಲಗುವಾಗ ಚೆನ್ನಾಗಿದ್ದ ಕಾಲಿನ ಹೆಬ್ಬೆರಳು ನಡುರಾತ್ರಿ ಕೆಂಪಗೆ ಊದಿಕೊಳ್ಳುತ್ತದೆ. ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ಗೌಟ್ ಬರುವ ರೀತಿಯೇ ಹೀಗೆ. ಕೀಲಿನಲ್ಲಿ ಸೂಜಿಯಂತೆ ಹರಳುಗಟ್ಟಿದ ಯೂರಿಕ್ ಆ್ಯಸಿಡ್ ಮೇಲೆ ಬಿಳಿ ರಕ್ತಕಣಗಳು ಮುಗಿಬಿದ್ದಾಗ ಈ ಉರಿಯೂತ ಏಳುತ್ತದೆ.

ಕಾಲ್ಚಿಸಿನ್ ಆ ಕಣಗಳ ಓಡಾಟಕ್ಕೆ ಅಡ್ಡಿ ಮಾಡುತ್ತದೆ. ಅದು ಮಾಮೂಲಿ ನೋವಿನ ಮಾತ್ರೆಯಲ್ಲ, ಯೂರಿಕ್ ಆ್ಯಸಿಡ್ಡನ್ನು ಇಳಿಸುವುದೂ ಇಲ್ಲ. ಕಣಗಳೆಲ್ಲ ಬಂದು ಸೇರಿಬಿಟ್ಟ ಮೇಲೆ ನುಂಗಿದರೆ ಅಷ್ಟಾಗಿ ಪ್ರಯೋಜನವಾಗದು. ನೋವು ಶುರುವಾದ 12 ಗಂಟೆಯೊಳಗೆ ತೆಗೆದುಕೊಳ್ಳಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಒಂದು ಉದಾಹರಣೆ ನೋಡೋಣ. ಹಿಂದೆಯೂ ಗೌಟ್ ಬಂದಿದ್ದ, ಮೂತ್ರಪಿಂಡ ಸರಿಯಾಗಿರುವ ಒಬ್ಬರಿಗೆ ವೈದ್ಯರು 0.5 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟಿದ್ದಾರೆ: ನೋವು ಕಾಣಿಸಿದ ಕೂಡಲೇ ಎರಡು, ಒಂದು ಗಂಟೆ ಬಿಟ್ಟು ಇನ್ನೊಂದು. ರಾತ್ರಿ ಎರಡಕ್ಕೆ ನೋವಿಗೆ ಎಚ್ಚರವಾಗುತ್ತದೆ. ಆಗಲೇ ಎರಡು, ಮೂರು ಗಂಟೆಗೆ ಮೂರನೆಯದು. ಆ ದಿನದ ಲೆಕ್ಕ ಅಲ್ಲಿಗೆ ಮುಗಿಯಿತು. ಬೆಳಗ್ಗೆ ಆರಕ್ಕೂ ಬೆರಳು ಉರಿಯುತ್ತಿದ್ದರೆ ಕೈ ನಾಲ್ಕನೆಯ ಮಾತ್ರೆಯತ್ತ ಹೋಗುತ್ತದೆ. ತಪ್ಪುವುದು ಇಲ್ಲೇ. ಬೇಕಾದದ್ದು ಐಸ್, ಕಾಲಿಗೆ ವಿಶ್ರಾಂತಿ ಮತ್ತು ವೈದ್ಯರಿಗೊಂದು ಫೋನ್. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಇನ್ನೂ ಕಡಿಮೆ ಇರಬಹುದು. ಪಕ್ಕದ ಮನೆಯವರ ಚೀಟಿ ನೋಡಿ ನುಂಗುವಂತಿಲ್ಲ.

ಹಿಂದೆ ಕ್ರಮ ಬೇರೆಯೇ ಇತ್ತು. ನೋವು ಇಳಿಯುವವರೆಗೆ, ಇಲ್ಲವೇ ಭೇದಿ ಶುರುವಾಗುವವರೆಗೆ, ಗಂಟೆ ಎರಡು ಗಂಟೆಗೊಮ್ಮೆ ಮಾತ್ರೆ ಕೊಡುತ್ತಿದ್ದರು. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಒಂದು ಗಂಟೆಯಲ್ಲಿ 1.8 ಮಿಲಿಗ್ರಾಂ ಪಡೆದವರನ್ನೂ ಆರು ಗಂಟೆಯಲ್ಲಿ 4.8 ಮಿಲಿಗ್ರಾಂ ಪಡೆದವರನ್ನೂ ಹೋಲಿಸಿತು. ನೋವು ಇಳಿದದ್ದು ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ. ಭೇದಿ ಮಾತ್ರ ಕಡಿಮೆ ಪ್ರಮಾಣದವರಲ್ಲಿ ಶೇ. 23, ಹೆಚ್ಚಿನ ಪ್ರಮಾಣದವರಲ್ಲಿ ಶೇ. 77! ಹೆಚ್ಚುವರಿ ಮಾತ್ರೆಗಳಿಂದ ಸಿಕ್ಕಿದ್ದು ಹೊಟ್ಟೆಯ ಸಂಕಟವಷ್ಟೇ.

ಭೇದಿಯನ್ನು ಸಣ್ಣ ಅಡ್ಡಪರಿಣಾಮವೆಂದು ತಳ್ಳಿಹಾಕಬಾರದು. ಔಷಧಿ ಮೈಗೆ ಹೆಚ್ಚಾಗುತ್ತಿದೆ ಎಂಬುದಕ್ಕೆ ಮೊದಲ ಸೂಚನೆ ಕರುಳಿನಿಂದಲೇ ಬರುವುದು. ನೀರಾಗಿ ಭೇದಿಯಾದರೆ ಅಥವಾ ವಾಂತಿಯಾದರೆ ಬಾಕಿ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಭೇದಿ ಕಟ್ಟುವ ಮಾತ್ರೆ ನುಂಗಿ ಕಾಲ್ಚಿಸಿನ್ ಮುಂದುವರಿಸಿದರೆ ಆ ಸೂಚನೆಯೇ ಮುಚ್ಚಿಹೋಗುತ್ತದೆ. ವಿಷವೇರಿದರೆ ಮುಂದೆ ಅಸ್ಥಿಮಜ್ಜೆ, ಹೃದಯ, ಮೂತ್ರಪಿಂಡಗಳಿಗೂ ಪೆಟ್ಟು ಬೀಳುತ್ತದೆ. ಡಯಾಲಿಸಿಸ್ ಕೂಡ ಅದನ್ನು ಹೊರಹಾಕಲಾರದು. ನಮ್ಮ ಬೇಲಿಗಳಲ್ಲಿ ಬೆಳೆಯುವ ಅಗ್ನಿಶಿಖೆಯ ಗಡ್ಡೆ ತಿಂದವರು ಸಾಯುವುದೂ ಇದೇ ಕಾಲ್ಚಿಸಿನ್‌ನಿಂದ. ಮಾತ್ರೆ ಲೆಕ್ಕ ಮೀರಿದ್ದರೆ ಭೇದಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕೆಲವೊಮ್ಮೆ ಲೆಕ್ಕ ಸರಿಯಿದ್ದೂ ಔಷಧಿ ಮೈಯಲ್ಲಿ ಏರುತ್ತದೆ. ಗಂಟಲ ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್, ಬಿಪಿಗೆ ಕೊಡುವ ವೆರಾಪಮಿಲ್ ಕಾಲ್ಚಿಸಿನ್ ಹೊರಹೋಗುವುದನ್ನು ತಡೆಯುತ್ತವೆ. ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗಲೂ ಕಾಲ್ಚಿಸಿನ್ ಪಟ್ಟಿಯನ್ನು ಜೊತೆಗೆ ಒಯ್ದು ತೋರಿಸಬೇಕಾದದ್ದು ಇದಕ್ಕಾಗಿ.