‘ಸರಿ ಹಾಗಾದ್ರೆ...’ ಎನ್ನುವ ಹೊತ್ತು

ಬೆಂಗಳೂರಿನಿಂದ ಮೈಸೂರಿಗೆ ಹೊರಟ ರೈಲು. ಮದ್ದೂರಿನಲ್ಲಿ ವಡೆ ಮಾರುವವನು ಹತ್ತುತ್ತಾನೆ. ಕಿಟಕಿ ಪಕ್ಕದ ಹಿರಿಯರು ಒಂದು ಪೊಟ್ಟಣ ಕೊಳ್ಳುತ್ತಾರೆ. ಎದುರಿನ ಸೀಟಿನ ಯುವಕ ಕೇಳುತ್ತಾನೆ: “ಬಿಸಿ ಇದೆಯಾ ಸಾರ್?”

ವಡೆಯ ಬಿಸಿ ತಿಳಿಯಲೇಬೇಕೆಂಬ ತುರ್ತು ಯುವಕನಿಗಿಲ್ಲ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ 1923ರಲ್ಲಿ ಬರೆದದ್ದು ಇಂಥ ಮಾತುಗಳ ಬಗ್ಗೆಯೇ. ಇಲ್ಲಿ ಸುದ್ದಿ ಮುಖ್ಯವಲ್ಲ, ಇಬ್ಬರ ನಡುವೆ ನಂಟು ಹುಟ್ಟುವುದೇ ಮುಖ್ಯ ಎಂದು ಅವರು ಗುರುತಿಸಿದರು. ನಮ್ಮ ‘ಊಟ ಆಯ್ತಾ?’ ಕೂಡ ಇದೇ ಜಾತಿಯ ಪ್ರಶ್ನೆ. ಕೇಳಿದವರು ಎಲೆ ಹಾಕಲು ಸಿದ್ಧರಾಗಿರುವುದಿಲ್ಲ, ಉತ್ತರಿಸುವವರು ಅದನ್ನು ನಿರೀಕ್ಷಿಸುವುದೂ ಇಲ್ಲ.

ಅಪರಿಚಿತರ ಜೊತೆ ಮಾತು ಶುರುಮಾಡಲು ಹೆಚ್ಚಿನವರು ಹಿಂಜರಿಯುತ್ತಾರೆ. ಈ ಹಿಂಜರಿಕೆಯನ್ನು ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಸಂಶೋಧಕರು ಷಿಕಾಗೋದ ರೈಲುಗಳಲ್ಲಿ ಪರೀಕ್ಷಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಕ್ಕದವರ ಜೊತೆ ಮಾತಾಡಿದರೆ ಪ್ರಯಾಣದ ಸುಖ ಕೆಡುತ್ತದೆ ಎಂದು ಜನ ಊಹಿಸಿದ್ದರು. ನಿಜವಾಗಿ ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು.

ಆರಂಭಕ್ಕೆ ಇಬ್ಬರ ಕಣ್ಣಿಗೂ ಬೀಳುವ ವಸ್ತು ಸಾಕು: ವಡೆ, ಮಳೆ, ತಡವಾದ ಬಸ್ಸು. ಅಂಥ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರಿಸಿ ಸುಮ್ಮನಾಗುವ ಸ್ವಾತಂತ್ರ್ಯ ಎದುರಿನವರಿಗೆ ಇರುತ್ತದೆ. ‘ಯಾವ ಊರು?’ ಎಂಬುದೂ ನಮ್ಮಲ್ಲಿ ಸಹಜವಾದ ಪ್ರಶ್ನೆಯೇ. ಆದರೆ ಅದರ ಬೆನ್ನಿಗೇ ಜಾತಿ, ಸಂಬಳ, ಮದುವೆಯ ವಿಚಾರಣೆ ಬಂದರೆ ಮಾತು ತನಿಖೆಯಾಗುತ್ತದೆ.

ಮುಂದುವರಿಸುವ ದಾರಿ ಉತ್ತರದೊಳಗೇ ಇರುತ್ತದೆ. “ಬೆಚ್ಚಗಿದೆ. ಆದ್ರೆ ನಮ್ಮನೇಲಿ ಮಾಡೋ ಹಾಗೆ ಗರಿಗರಿ ಇಲ್ಲ” ಎನ್ನುತ್ತಾರೆ ಹಿರಿಯರು. ಇಲ್ಲಿ ಯುವಕ ತನ್ನ ಊರಿನ ಹೋಟೆಲಿನ ಪುರಾಣ ತೆಗೆದರೆ ಹಿರಿಯರ ಮಾತು ಅಲ್ಲೇ ಬಿದ್ದುಹೋಗುತ್ತದೆ. ಅವನು ‘ಮನೆ’ ಎಂಬ ಪದ ಹಿಡಿಯುತ್ತಾನೆ: “ಮನೇಲೂ ಮಾಡ್ತೀರಾ? ಕಷ್ಟ ಅಲ್ವಾ?” ಹಿರಿಯರು ನಗುತ್ತಾರೆ: “ಮಾಡೋದು ನಮ್ಮ ಮನೆಯವರು. ನಾನು ಈರುಳ್ಳಿ ಹೆಚ್ಚಿಕೊಡ್ತೀನಿ ಅಷ್ಟೆ. ನಿಮಗೂ ಅಡುಗೆ ಬರುತ್ತಾ?”

ಆ ಕೊನೆಯ ಪ್ರಶ್ನೆಯೇ ಅವರಿಗೂ ಮಾತು ಬೇಕು ಎಂಬುದರ ಗುರುತು. ಎರಡು ಮೂರು ಸಲ ಬರೀ ‘ಹೂಂ’ ಬಂದು, ತಿರುಗಿ ಪ್ರಶ್ನೆ ಬಾರದೆ, ಕಣ್ಣು ಮೊಬೈಲಿಗೆ ಹೊರಳುತ್ತಿದ್ದರೆ ಅಲ್ಲಿಗೆ ನಿಲ್ಲಿಸುವುದು ಮರ್ಯಾದೆ.

ನಿಜವಾಗಿ ಕಷ್ಟವಿರುವುದು ಮುಗಿಸುವುದರಲ್ಲಿ. ಆ್ಯಡಮ್ ಮಾಸ್ಟ್ರೊಯಾನಿ ಮತ್ತು ಸಂಗಡಿಗರು 932 ಸಂಭಾಷಣೆಗಳನ್ನು ಪರಿಶೀಲಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಇಬ್ಬರಿಗೂ ಸಾಕೆನಿಸಿದ ಹೊತ್ತಿಗೇ ಮುಗಿದ ಮಾತುಕತೆಗಳು ಕೇವಲ ಶೇಕಡಾ 2ರಷ್ಟು. ಕೆಲವರಿಗೆ ಬೇಗ ಮುಗಿಯಬೇಕಿತ್ತು, ಕೆಲವರಿಗೆ ಇನ್ನೂ ಬೇಕಿತ್ತು. ಎದುರಿನವರಿಗೆ ನೋವಾದೀತೆಂದು ಇಬ್ಬರೂ ಮನಸ್ಸಿನಲ್ಲಿರುವುದನ್ನು ಮುಚ್ಚಿಡುವುದೇ ಇದಕ್ಕೆ ಕಾರಣ ಎಂದರು ಸಂಶೋಧಕರು.

ಮಾತನ್ನು ತಟ್ಟನೆ ಕಡಿಯಲಾಗದು. ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್ 1973ರ ಪ್ರಬಂಧದಲ್ಲಿ ತೋರಿಸಿದಂತೆ, ವಿದಾಯಕ್ಕೆ ಮುಂಚೆ ಒಂದು ಮುನ್ಸೂಚನೆ ಬರುತ್ತದೆ. ‘ನನ್ನ ಕಡೆಯಿಂದ ಇಷ್ಟೇ, ನಿಮ್ಮದೇನಾದರೂ ಉಳಿದಿದೆಯೇ?’ ಎಂಬುದು ಅದರ ಅರ್ಥ. ಕನ್ನಡದಲ್ಲಿ ಈ ಕೆಲಸ ಮಾಡುವುದು ‘ಸರಿ ಹಾಗಾದ್ರೆ...’. ಎದುರಿನವರೂ ‘ಸರಿ’ ಎಂದರೆ ಬಾಗಿಲು ತೆರೆದಂತೆ. ‘ಅಂದಹಾಗೆ...’ ಎಂದರೆ ಅವರಿಗೆ ಇನ್ನೂ ಹೇಳುವುದಿದೆ.

ಮಂಡ್ಯ ದಾಟುವಾಗ ಯುವಕ ಹೇಳುತ್ತಾನೆ: “ಸರಿ ಸಾರ್, ಒಂದಿಷ್ಟು ಆಫೀಸ್ ಕೆಲಸ ಇದೆ, ನೋಡ್ಕೋತೀನಿ. ನಿಮ್ಮನೆ ವಡೆ ವಿಷಯ ಕೇಳಿ ಖುಷಿಯಾಯ್ತು.” ಈ ಮಾತಿನಲ್ಲಿ ಮುನ್ಸೂಚನೆಯಿದೆ, ನಿಜವಾದ ಕಾರಣವಿದೆ, ಆಡಿದ ಮಾತಿನ ನೆನಪೂ ಇದೆ. ಕಾರಣ ಸುಳ್ಳಾಗಿದ್ದರೆ ಮೈಸೂರಿನವರೆಗೂ ಎದುರಿಗೇ ಕೂತಿರುವ ಹಿರಿಯರಿಗೆ ಅದು ತಿಳಿಯುತ್ತದೆ.

ಸಹೋದ್ಯೋಗಿಗಳ ವಿಷಯದಲ್ಲಿ ಒಂದು ಅನುಕೂಲವಿದೆ: ನಾಳೆ ಮತ್ತೆ ಸಿಗುತ್ತಾರೆ. ಸೋಮವಾರ ಕಾಫಿ ಹೊತ್ತಿನಲ್ಲಿ ‘ವೀಕೆಂಡ್ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಮಗಳ ಪರೀಕ್ಷೆ ಅಂದಿದ್ರಲ್ಲ, ಹೇಗೆ ಬರೆದಳು?’ ಎಂದರೆ ಕಳೆದ ವಾರದ ಎಳೆ ಮತ್ತೆ ಕೈಗೆ ಸಿಗುತ್ತದೆ. ಮುಗಿಸುವಾಗಲೂ ‘ಮೀಟಿಂಗ್‌ಗೆ ಹೊತ್ತಾಯ್ತು, ರಿಸಲ್ಟ್ ಬಂದಾಗ ಹೇಳಿ’ ಎಂದರೆ ಮುಂದಿನ ಮಾತಿನ ಆರಂಭ ಅಲ್ಲೇ ಸಿದ್ಧವಾಗಿರುತ್ತದೆ.

ಮೈಸೂರು ಬಂತು. ಯುವಕ ಚೀಲ ಹೆಗಲಿಗೇರಿಸಿ “ಬರ್ತೀನಿ ಸಾರ್” ಎನ್ನುತ್ತಾನೆ. ಇಬ್ಬರೂ ಮತ್ತೆ ಸಿಗುವುದು ಅನುಮಾನವೇ. ಆದರೂ ಕನ್ನಡದಲ್ಲಿ ಬೀಳ್ಕೊಳ್ಳುವಾಗ ‘ಹೋಗ್ತೀನಿ’ ಎನ್ನುವುದಿಲ್ಲ.