ವಾರಕ್ಕೆ ಐದೇ ಮಾರಾಟ: ಯಾವ ಶೀರ್ಷಿಕೆ ಮೇಲು?

ಆನ್‌ಲೈನ್‌ನಲ್ಲಿ ಚನ್ನಪಟ್ಟಣದ ಮರದ ಗಿಲಕಿ ವಾರಕ್ಕೆ ಐದರಂತೆ ಮಾರಾಟವಾಗುತ್ತಿದೆ ಎಂದುಕೊಳ್ಳಿ. ‘ಚನ್ನಪಟ್ಟಣದ ಗಿಲಕಿ’ ಎಂಬ ಶೀರ್ಷಿಕೆಗೆ ಒಂದು ವಾರ ನಾಲ್ಕು, ‘ಮಗುವಿಗೆ ಮರದ ಗಿಲಕಿ’ಗೆ ಮರುವಾರ ಆರು ಮಾರಾಟವಾದವು. ಎರಡನೆಯದು ಗೆದ್ದಿತೇ? ಇಲ್ಲ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೂ ನಾಲ್ಕರಲ್ಲಿ ಮೂರು ಪಾಲು ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಬರುತ್ತದೆ.

ಆದ್ದರಿಂದ ಮಾರಾಟದ ಬದಲು ಕ್ಲಿಕ್ ಎಣಿಸಬೇಕು. ಹುಡುಕಾಟದಲ್ಲಿ ಶೀರ್ಷಿಕೆ ಕಣ್ಣಿಗೆ ಬಿದ್ದವರಲ್ಲಿ ಎಷ್ಟು ಮಂದಿ ಒತ್ತಿದರು ಎಂಬುದು ಬೇಗ ದೊಡ್ಡ ಸಂಖ್ಯೆಯಾಗುತ್ತದೆ. ತಲಾ 1000 ಸಲ ಕಾಣಿಸಿಕೊಂಡಾಗ ಮೊದಲನೆಯದಕ್ಕೆ 20, ಎರಡನೆಯದಕ್ಕೆ 38 ಕ್ಲಿಕ್ ಬಂದರೆ, ಅದು ಬರೀ ಆಕಸ್ಮಿಕವಾಗಿರುವುದು ಅಪರೂಪ.

ಶೀರ್ಷಿಕೆಗಳನ್ನು ವಾರವಾರ ಮೊದಲನೆಯದು, ಎರಡನೆಯದು, ಎರಡನೆಯದು, ಮೊದಲನೆಯದು ಎಂಬ ಕ್ರಮದಲ್ಲಿ ಹಾಕಿ. ಬೇಡಿಕೆ ಒಂದೇ ಸಮನೆ ಏರುತ್ತಿದ್ದರೂ ಆಗ ಯಾವುದಕ್ಕೂ ಹೆಚ್ಚಿನ ಲಾಭವಿಲ್ಲ. ಬೆಲೆ, ಚಿತ್ರ, ಜಾಹೀರಾತು ಬದಲಿಸಬೇಡಿ. ಹಬ್ಬದ ವಾರಗಳನ್ನು ತಪ್ಪಿಸಿ. ಅವಧಿಯನ್ನು ಮೊದಲೇ ನಿಗದಿ ಮಾಡಿ. ಒಂದು ಮುಂದಿದೆ ಎಂದು ನಡುವೆ ನಿಲ್ಲಿಸಿದರೆ ಆಕಸ್ಮಿಕವೇ ಗೆಲ್ಲುತ್ತದೆ.

ಕ್ಲಿಕ್ ಹೆಚ್ಚಿದರೆ ಮಾರಾಟವೂ ಹೆಚ್ಚುತ್ತದೆ ಎನ್ನಲಾಗದು. ಗೆದ್ದ ಶೀರ್ಷಿಕೆಯನ್ನು ಉಳಿಸಿಕೊಂಡು ಕೆಲವು ತಿಂಗಳು ಆರ್ಡರ್ ಗಮನಿಸಿ. ಕ್ಲಿಕ್ ಏರಿಯೂ ಆರ್ಡರ್ ಇಳಿಯುತ್ತಲೇ ಹೋದರೆ, ಶೀರ್ಷಿಕೆ ಹೇಳಿದ್ದು ಪುಟದಲ್ಲಿ ಸಿಗುತ್ತಿದೆಯೇ ಎಂದು ಮೊದಲು ನೋಡಿ.