ಕುಳಿ ಬಿದ್ದ ಮುತ್ತಿನ ಗುಳ್ಳೆಗಳು: ಡಾಕ್ಟರು ಔಷಧಿ ಬರೆಯಲಿಲ್ಲ ಏಕೆ?

ಮಗುವಿಗೆ ಸ್ನಾನ ಮಾಡಿಸುವಾಗ ಕಂಕುಳ ಹತ್ತಿರ ಎರಡು ಮೂರು ಗುಳ್ಳೆ ಕೈಗೆ ತಾಗುತ್ತವೆ. ಮೈಬಣ್ಣದ್ದೇ, ಸ್ವಲ್ಪ ಹೊಳಪು, ಬೆರಳಿಟ್ಟರೆ ಗಟ್ಟಿ. ನೋವಿಲ್ಲ, ಜ್ವರವಿಲ್ಲ. ತಿಂಗಳು ಕಳೆಯುವುದರೊಳಗೆ ಮೂರಿದ್ದದ್ದು ಎಂಟಾಗಿರುತ್ತದೆ. ಅಜ್ಜಿ ‘ಅಮ್ಮ ಆಗಿರಬೇಕು’ ಅನ್ನುತ್ತಾರೆ, ಪಕ್ಕದ ಮನೆಯವರು ‘ನರೂಲಿ’ ಅನ್ನುತ್ತಾರೆ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದರೆ, ‘ಇದು ಮೊಲಸ್ಕಮ್. ತಾನಾಗೇ ಹೋಗುತ್ತೆ, ಬಿಟ್ಟುಬಿಡಿ’ ಎಂದು ಕಳಿಸಿಬಿಡುತ್ತಾರೆ. ಫೀಸು ಕೊಟ್ಟೂ ಚೀಟಿಯಿಲ್ಲದೆ ಹೊರಬಂದ ಅಪ್ಪ ಅಮ್ಮ ಇನ್ನೊಬ್ಬ ಡಾಕ್ಟರನ್ನು ಹುಡುಕಿಕೊಂಡು ಹೊರಡುತ್ತಾರೆ. ಆ ಮೊದಲ ಡಾಕ್ಟರ ಮಾತಿನ ಹಿಂದೆ ಒಳ್ಳೆಯ ಕಾರಣವಿತ್ತು. ಅದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಓಪಿಡಿಯಲ್ಲಿ ಇರಲಿಲ್ಲ, ಅಷ್ಟೇ.

ಪೂರ್ತಿ ಹೆಸರು ಮೊಲಸ್ಕಮ್ ಕಂಟೇಜಿಯೋಸಮ್. ಗುಳ್ಳೆಗಳು ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಅಗಲ, ಗುಮ್ಮಟದ ಆಕಾರ, ಮೇಲೆ ಮುತ್ತಿನ ಮೆರುಗು. ಗುರುತು ಹಿಡಿಯಲು ನೋಡಬೇಕಾದ್ದು ನಡುವಿನ ಪುಟ್ಟ ಕುಳಿ. ಎಲ್ಲ ಗುಳ್ಳೆಯಲ್ಲೂ ಅದು ಕಾಣುವುದಿಲ್ಲ, ಹೊಸದರಲ್ಲಿ ಇರುವುದೇ ಇಲ್ಲ. ಆದರೆ ಬೆಳಕನ್ನು ಓರೆಯಾಗಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಗುಂಪಿನಲ್ಲಿ ಒಂದೆರಡಾದರೂ ಕುಳಿ ತೋರಿಸುತ್ತವೆ. ಅಜ್ಜಿ ಹೇಳುವ ‘ಅಮ್ಮ’, ಅಂದರೆ ಸೀತಾಳೆ ಸಿಡುಬು, ಜ್ವರದೊಂದಿಗೆ ದಿನಗಳಲ್ಲಿ ಮೈತುಂಬ ಏಳುತ್ತದೆ, ನೀರು ತುಂಬಿ ಒಡೆದು ಒಣಗುತ್ತದೆ. ನರೂಲಿಯ ಮೈ ಒರಟು. ಮೊಲಸ್ಕಮ್ ಗುಳ್ಳೆ ನುಣುಪು. ಅದರೊಳಗಿರುವುದು ನೀರೂ ಅಲ್ಲ, ಕೀವೂ ಅಲ್ಲ. ಬಿಳಿಯ, ಮೇಣದಂಥ ಗಟ್ಟಿ ತಿರುಳು.

ಆ ತಿರುಳಿನಲ್ಲೇ ಕಥೆಯೆಲ್ಲ ಇದೆ. ಇಂಗ್ಲೆಂಡಿನ ವೈದ್ಯ ಥಾಮಸ್ ಬೇಟ್‌ಮನ್ 1817ರಲ್ಲೇ ಈ ಕಾಯಿಲೆಯನ್ನು ವರ್ಣಿಸಿದ್ದ. 1841ರಲ್ಲಿ ಹೆಂಡರ್ಸನ್ ಮತ್ತು ಪ್ಯಾಟರ್ಸನ್ ಎಂಬಿಬ್ಬರು ತಿರುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಉಬ್ಬಿ ದಪ್ಪಗಾದ ಜೀವಕೋಶಗಳನ್ನು ಕಂಡರು. ಒಂದೊಂದು ಕೋಶದ ತುಂಬಾ ಕಿಕ್ಕಿರಿದಿರುವುದು ವೈರಸ್ ಎನ್ನುವುದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಈ ವೈರಸ್ ಪಾಕ್ಸ್ ವೈರಸ್‌ಗಳ ಕುಲದ್ದು. 1980ರಲ್ಲಿ ಜಗತ್ತಿನಿಂದ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ ಸಿಡುಬಿನ ದೂರದ ದಾಯಾದಿ. ಇವೆರಡೂ ಮನುಷ್ಯನನ್ನು ಮಾತ್ರ ಹಿಡಿಯುವಂಥವು. ನೆಂಟಸ್ತಿಕೆ ಕೇಳಿ ಹೆದರಬೇಕಾಗಿಲ್ಲ. ಸಿಡುಬು ರಕ್ತಕ್ಕಿಳಿದು ಮೈಯೆಲ್ಲ ಹರಡುತ್ತಿತ್ತು, ಕೊಲ್ಲುತ್ತಿತ್ತು. ಮೊಲಸ್ಕಮ್ ಚರ್ಮದ ಮೇಲಿನ ತೆಳು ಪದರ ಬಿಟ್ಟು ಕೆಳಗಿಳಿಯುವುದೇ ಇಲ್ಲ. ರಕ್ತದಲ್ಲಿಲ್ಲ, ನರದಲ್ಲಿ ಅಡಗಿ ಕೂರುವುದಿಲ್ಲ. ಕೊನೆಯ ಗುಳ್ಳೆ ಹೋದರೆ ಕಾಯಿಲೆಯೂ ಹೋದಂತೆ.

ಹಾಗಿದ್ದರೆ ಇಷ್ಟು ಸಾಧು ವೈರಸ್ಸನ್ನು ಮೈಯ ರಕ್ಷಣಾ ವ್ಯವಸ್ಥೆ ವಾರದೊಳಗೆ ಓಡಿಸಬಾರದೇಕೆ? ವೈರಸ್ಸಿನ ವಂಶವಾಹಿಗಳನ್ನು 1996ರಲ್ಲಿ ಪೂರ್ತಿ ಓದಿದಾಗ ಉತ್ತರದ ಎಳೆ ಸಿಕ್ಕಿತು. ಸಾಮಾನ್ಯವಾಗಿ ಸೋಂಕು ತಗುಲಿದ ಕೋಶ ರಾಸಾಯನಿಕ ಸಂಕೇತ ಕಳಿಸಿ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಈ ವೈರಸ್ ಆ ಕರೆಯನ್ನೇ ತಡೆಯುವ ಪ್ರೋಟೀನ್ ತಯಾರಿಸುತ್ತದೆ. ಸೋಂಕಿತ ಕೋಶ ತಾನೇ ಸತ್ತು ವೈರಸ್ಸನ್ನೂ ಕೊಲ್ಲುವ ಇನ್ನೊಂದು ವ್ಯವಸ್ಥೆ ನಮ್ಮ ಮೈಯಲ್ಲಿದೆ, ಅದಕ್ಕೂ ಇದು ಅಡ್ಡಗಾಲು ಹಾಕುತ್ತದೆ. ಅದಕ್ಕೇ ಗುಳ್ಳೆ ತಿಂಗಳುಗಟ್ಟಲೆ ಕೆಂಪಾಗದೆ, ನೋಯದೆ ತಣ್ಣಗೆ ಕೂತಿರುತ್ತದೆ. ಎಂದೋ ಒಂದು ದಿನ ಗುಳ್ಳೆಯ ಗೋಡೆ ಎಲ್ಲೋ ಒಡೆದು, ಒಳಗಿನದು ರಕ್ಷಣಾ ಕೋಶಗಳ ಕಣ್ಣಿಗೆ ಬೀಳುತ್ತದೆ. ಆಮೇಲೆ ನಡೆಯುವುದು ಬೇಗ ನಡೆಯುತ್ತದೆ.

ಈ ‘ಎಂದೋ’ ಅನ್ನುವುದು ಎಷ್ಟು ದಿನ? ಬ್ರಿಟನ್ನಿನಲ್ಲಿ 4ರಿಂದ 15 ವರ್ಷದ ಸುಮಾರು ಮುನ್ನೂರು ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 13 ತಿಂಗಳು ಬಂತು. ಹದಿನೆಂಟು ತಿಂಗಳ ನಂತರವೂ ಶೇ. 30ರಷ್ಟು ಮಕ್ಕಳಲ್ಲಿ ಗುಳ್ಳೆಗಳಿದ್ದವು, ಎರಡು ವರ್ಷ ದಾಟಿದರೂ ಶೇ. 13ರಷ್ಟು ಮಕ್ಕಳಲ್ಲಿ ಉಳಿದಿದ್ದವು. ‘ತಾನಾಗೇ ಹೋಗುತ್ತೆ’ ಎಂದು ಹೇಳುವ ಡಾಕ್ಟರು ಈ ಲೆಕ್ಕವನ್ನೂ ಸೇರಿಸಿ ಹೇಳಬೇಕು ಎಂಬುದು ನನ್ನ ದೂರು. ಒಂದು ತಿಂಗಳಲ್ಲಿ ಹೋಗುತ್ತದೆಂದು ನಂಬಿದವರಿಗೆ ಆರನೇ ತಿಂಗಳಲ್ಲಿ ಸಿಟ್ಟು ಬರುವುದು ಸಹಜ.

ಒಂದು ಮಾದರಿ ಪ್ರಕರಣ ಕಲ್ಪಿಸಿಕೊಳ್ಳೋಣ. ಆರು ವರ್ಷದ ಹುಡುಗಿ. ಮೊಣಕೈ ಮಡಿಕೆಯಲ್ಲಿ ಮೊದಲಿನಿಂದಲೂ ಎಕ್ಸಿಮಾ, ಅಂದರೆ ಇಸುಬು. ಜೂನ್‌ನಲ್ಲಿ ಪಕ್ಕೆಯ ಮೇಲೆ ಮೂರು ಗುಳ್ಳೆ. ಸೋಂಕು ತಗುಲಿ ಗುಳ್ಳೆ ಏಳಲು ಎರಡರಿಂದ ಏಳು ವಾರ, ಒಮ್ಮೊಮ್ಮೆ ಆರು ತಿಂಗಳವರೆಗೂ ಬೇಕಾಗುವುದರಿಂದ ಎಲ್ಲಿಂದ, ಯಾರಿಂದ ಬಂತೆಂದು ಹುಡುಕುವುದು ವ್ಯರ್ಥ. ಜುಲೈಯಲ್ಲಿ ಗುಳ್ಳೆಗಳ ಸುತ್ತ ಚರ್ಮ ಒಣಗಿ ಕೆರೆತ ಶುರುವಾಯಿತು. ಕೆರೆದ ಉಗುರಲ್ಲಿ ತಿರುಳು ಸಿಕ್ಕಿ, ಅದೇ ಉಗುರು ಮುಂದಿನ ಜಾಗ ಕೆರೆಯಿತು. ಆಗಸ್ಟಿನ ಹೊತ್ತಿಗೆ ಹದಿನಾಲ್ಕು, ಕೆಲವು ಕಡೆ ಉಗುರು ಎಳೆದ ಗೆರೆಯಲ್ಲೇ ಸಾಲಾಗಿ. ತಾಯಿ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿದರು. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಈ ಕ್ರೀಮುಗಳು ನಮ್ಮಲ್ಲಿ ಕೇಳಿದವರಿಗೆಲ್ಲ ಸಿಗುತ್ತವೆ. ಕೆರೆತ ನಿಂತಿತು. ಗುಳ್ಳೆಗಳು ಹೆಚ್ಚಾದವು. ಮೊದಲೇ ನಿದ್ದೆಯಲ್ಲಿದ್ದ ರಕ್ಷಣಾ ವ್ಯವಸ್ಥೆಗೆ ಬಲವಾದ ಸ್ಟೀರಾಯ್ಡ್ ಇನ್ನಷ್ಟು ಜೋಗುಳ ಹಾಡುತ್ತದೆ.

ಸೆಪ್ಟೆಂಬರಿನಲ್ಲಿ ನೋಡಿದ ಡಾಕ್ಟರು ಗುಳ್ಳೆಗೆ ಏನೂ ಮಾಡಲಿಲ್ಲ, ಚರ್ಮಕ್ಕೆ ಮಾಡಿದರು. ಆ ಟ್ಯೂಬ್ ನಿಲ್ಲಿಸಿದರು. ದಿನಕ್ಕೆರಡು ಬಾರಿ ಮಾಯಿಶ್ಚರೈಸರ್, ಇಸುಬಿನ ಜಾಗಕ್ಕೆ ಮಾತ್ರ ಕೆಲವು ದಿನ ಸೌಮ್ಯವಾದ ಮುಲಾಮು, ಉಗುರು ಗಿಡ್ಡ. ಕೆರೆತ ತಗ್ಗಿದ ಮೇಲೆ ಹೊಸ ಗುಳ್ಳೆ ಏಳುವುದು ನಿಧಾನವಾಯಿತು.

ಜನವರಿಯಲ್ಲಿ ಪಕ್ಕೆಯ ದೊಡ್ಡ ಗುಳ್ಳೆಯೊಂದು ರಾತ್ರಿ ಬೆಳಗಾಗುವುದರೊಳಗೆ ಕೆಂಪಗೆ ಊದಿಕೊಂಡಿತು. ಮುಟ್ಟಿದರೆ ನೋವು, ತುದಿಯಲ್ಲಿ ಹಳದಿ. ‘ಡಾಕ್ಟ್ರೇ, ಬಿಟ್ಟಿದ್ದಕ್ಕೇ ಕೀವಾಯ್ತು ನೋಡಿ’ ಎಂದು ತಾಯಿ ಫೋನ್ ಮಾಡಿದರು. ‘ಇಲ್ಲಮ್ಮ, ಮೈಗೆ ಈಗ ಗೊತ್ತಾಗಿದೆ’ ಎಂದರು ಅವರು. ಮೊಲಸ್ಕಮ್ ವಿಷಯದಲ್ಲಿ ಮನೆಯವರು ತಿಳಿದಿರಲೇಬೇಕಾದ ಒಂದೇ ಒಂದು ಸಂಗತಿ ಇದ್ದರೆ ಅದು ಇದು. ಇಷ್ಟು ದಿನ ಸುಮ್ಮನಿದ್ದ ಗುಳ್ಳೆ ಕೆಂಪಾಗಿ ಊದುವುದು ಬಹುಪಾಲು ಸಲ ಕಾಯಿಲೆ ಕೆಡುತ್ತಿರುವ ಗುರುತಲ್ಲ, ಮುಗಿಯುತ್ತಿರುವ ಗುರುತು. ಬಿಳಿ ರಕ್ತಕಣಗಳು ಕೊನೆಗೂ ಬಂದು ಮುತ್ತಿಕೊಂಡಿವೆ. ಇದನ್ನು ಸೋಂಕೆಂದು ಭಾವಿಸಿ ಆಂಟಿಬಯಾಟಿಕ್ ಕೊಡುವುದು ಬಹಳ. ನಿಜವಾದ ಬ್ಯಾಕ್ಟೀರಿಯಾ ಸೋಂಕಾದರೆ ಕೆಂಪು ಗುಳ್ಳೆಯ ಅಂಚು ದಾಟಿ ಗಂಟೆಗಂಟೆಗೆ ಹರಡುತ್ತದೆ, ಜಾಗ ಬಿಸಿಯಾಗಿ ನೋವು ಏರುತ್ತ ಹೋಗುತ್ತದೆ, ಮಗುವಿಗೆ ಜ್ವರ ಬಂದು ಮಂಕಾಗುತ್ತದೆ. ಹಾಗಾದರೆ ಅಂದೇ ತೋರಿಸಬೇಕು. ನಮ್ಮ ಹುಡುಗಿ ಓಡಾಡಿಕೊಂಡು ಉಣ್ಣುತ್ತಿದ್ದಳು. ಗುಳ್ಳೆ ಹಪ್ಪಳೆಗಟ್ಟಿ ಉದುರಿತು, ಅದರ ಹಿಂದೆ ಮಿಕ್ಕವು ಒಂದೊಂದಾಗಿ ಕೆಂಪಾದವು. ಏಪ್ರಿಲ್‌ನಲ್ಲಿ ಉಳಿದದ್ದು ಮಾಸಲು ಬಿಳಿ ಕಲೆಗಳು ಮಾತ್ರ. ಅವೂ ತಿಂಗಳುಗಳಲ್ಲಿ ಮೈಬಣ್ಣಕ್ಕೆ ತಿರುಗುತ್ತವೆ.

ಕಾಯುವ ಬದಲು ಕಿತ್ತುಹಾಕಬಾರದೇ? ಹಾಕಬಹುದು. ಮರಗಟ್ಟಿಸುವ ಕ್ರೀಮ್ ಹಚ್ಚಿ, ಕಾದು, ಚಿಕ್ಕ ಸೌಟಿನಂಥ ಕ್ಯುರೆಟ್‌ನಿಂದ ಕೆರೆದು ತಿರುಳು ತೆಗೆಯುತ್ತಾರೆ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವವರಿದ್ದಾರೆ. ನಮ್ಮ ದೇಶದ ಚರ್ಮದ ಕ್ಲಿನಿಕ್ಕುಗಳಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಕಡ್ಡಿಯ ತುದಿಯಿಂದ ಗುಳ್ಳೆಗಷ್ಟೇ ಮುಟ್ಟಿಸುವುದೂ ಉಂಟು. ಆದರೆ ಇವೆಲ್ಲವೂ ಗುಳ್ಳೆಯನ್ನು ಗಾಯ ಮಾಡುವ ವಿಧಾನಗಳು. ವೈರಸ್ ತಾನಾಗಿ ಹೋದರೆ ಕುಳಿಕಲೆ ಉಳಿಯುವುದು ಕಡಿಮೆ, ಆಳವಾಗಿ ಸುಟ್ಟರೆ ಉಳಿಯುವ ಸಂಭವ ಹೆಚ್ಚು. ನಮ್ಮಂಥ ಕಂದು ಚರ್ಮದಲ್ಲಿ ಹೆಪ್ಪುಗಟ್ಟಿಸಿದ ಜಾಗ ಬಿಳುಚಿಕೊಂಡು ಬಹುಕಾಲ ಕಾಣುತ್ತದೆ. ಇವತ್ತು ಹದಿನಾಲ್ಕು ತೆಗೆದರೂ ಆಗಲೇ ಚರ್ಮದೊಳಗೆ ಬೇರೂರಿ ಇನ್ನೂ ಕಾಣದವು ಮುಂದಿನ ತಿಂಗಳು ಏಳುತ್ತವೆ. ಮತ್ತೆ ಮಗುವನ್ನು ನಾಲ್ಕು ಜನ ಹಿಡಿದುಕೊಳ್ಳಬೇಕು. ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ 2017ರ ಕಾಕ್ರೇನ್ ವಿಮರ್ಶೆಗೆ ಖಚಿತವಾಗಿ ಗೆದ್ದಿತೆನ್ನಬಹುದಾದ ಒಂದು ಚಿಕಿತ್ಸೆಯೂ ಸಿಗಲಿಲ್ಲ. ಆಮೇಲೆ ಅಮೆರಿಕದಲ್ಲಿ ಎರಡು ಔಷಧಿಗಳಿಗೆ ಮನ್ನಣೆ ಸಿಕ್ಕಿದೆ. 2023ರಲ್ಲಿ ಕ್ಯಾಂತರಿಡಿನ್ ಎಂಬ, ಮೂಲದಲ್ಲಿ ಒಂದು ಜಾತಿಯ ಜೀರುಂಡೆಯಿಂದ ಬಂದ, ಚರ್ಮವನ್ನು ಬೊಕ್ಕೆ ಎಬ್ಬಿಸುವ ದ್ರವ. 2024ರಲ್ಲಿ ಬರ್ಡಜೈಮರ್ ಎಂಬ ಜೆಲ್.

ಮನೆಮದ್ದಿನ ಬಗ್ಗೆ ಒಂದು ಮಾತು. ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ನರೂಲಿಗೆ ಹಚ್ಚುವ ಪದ್ಧತಿ ನಮ್ಮೂರುಗಳಲ್ಲಿದೆ, ಅದನ್ನೇ ಈ ಗುಳ್ಳೆಗೂ ಹಚ್ಚುತ್ತಾರೆ. ಎರಡೂ ಸೇರಿದರೆ ಹುಟ್ಟುವುದು ಕಾಸ್ಟಿಕ್ ಸೋಡಾ, ಕ್ಲಿನಿಕ್ಕಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಜಾತಿಯದ್ದೇ. ಕ್ಲಿನಿಕ್ಕಿನಲ್ಲಿ ಅದರ ಸಾಂದ್ರತೆ ಅಳೆದಿರುತ್ತದೆ, ಅಂಗೈಯ ಮೇಲೆ ಕಲಸಿದ್ದಕ್ಕೆ ಅಳತೆಯಿಲ್ಲ. ಮಗುವಿನ ಚರ್ಮ ಆಳಕ್ಕೆ ಸುಟ್ಟು ಕಲೆ ಜೀವಮಾನ ಉಳಿಯುತ್ತದೆ.

ಬಿಡಬಾರದ ಸಂದರ್ಭಗಳೂ ಇವೆ. ಕಣ್ಣುರೆಪ್ಪೆಯ ಅಂಚಿನ ಗುಳ್ಳೆಯಿಂದ ವೈರಸ್ ಕಣ್ಣಿಗೆ ಜಾರಿ, ಕಣ್ಣು ಕೆಂಪಾಗಿ ವಾಸಿಯಾಗದೆ ಉಳಿಯಬಹುದು. ಅದನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ತೆಗೆಸಬೇಕು. ತೋರಿಸಿದಲ್ಲೆಲ್ಲ ಮಕ್ಕಳು ಗೇಲಿ ಮಾಡಿ ಮಗು ಶಾಲೆಗೆ ಹೋಗಲು ಹಟ ಮಾಡುತ್ತಿದ್ದರೆ ಅದೂ ಚಿಕಿತ್ಸೆಗೆ ಸಾಕಾದ ಕಾರಣ. ಗುಳ್ಳೆಗಳು ಸೆಂಟಿಮೀಟರ್ ದಾಟಿ ಬೆಳೆದರೆ, ನೂರಾರು ಎದ್ದರೆ, ಮಗು ಪದೇ ಪದೇ ಬೇರೆ ಕಾಯಿಲೆಯನ್ನೂ ಬೀಳುತ್ತಿದ್ದರೆ, ರೋಗನಿರೋಧಕ ಶಕ್ತಿಯಲ್ಲೇ ಕೊರತೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ಶಾಲೆ ಬಿಡಿಸಬೇಕಾಗಿಲ್ಲ. ಬಟ್ಟೆ ಮುಚ್ಚಿದ ಗುಳ್ಳೆ ಯಾರಿಗೂ ಅಂಟುವುದಿಲ್ಲ, ತೆರೆದಿದ್ದಕ್ಕೆ ಪ್ಲಾಸ್ಟರ್ ಸಾಕು. ಈಜಿಗೂ ಹೋಗಬಹುದು, ನೀರು ತಾಗದ ಪ್ಲಾಸ್ಟರ್ ಹಾಕಿಕೊಂಡು. ಬೇರೆಯಾಗಿರಬೇಕಾದ್ದು ಟವೆಲ್, ಮೈಯುಜ್ಜುವ ಬಟ್ಟೆ. ಅಣ್ಣ ತಂಗಿಯರನ್ನು ಒಂದೇ ಬಕೆಟ್ಟಿನ ನೀರಲ್ಲಿ ಕೂರಿಸಿ ಸ್ನಾನ ಮಾಡಿಸುವುದನ್ನು ಕೆಲವು ಕಾಲ ಬಿಡುವುದು ಒಳ್ಳೆಯದು. ಇಷ್ಟೆಲ್ಲ ಮಾಡಿದರೂ ಮನೆಯ ಇನ್ನೊಂದು ಮಗುವಿಗೆ ಬರಬಹುದು. ಆ ಬ್ರಿಟಿಷ್ ಅಧ್ಯಯನದಲ್ಲೇ ಶೇ. 41ರಷ್ಟು ಮನೆಗಳಲ್ಲಿ ಹಾಗಾಗಿತ್ತು. ಎರಡನೆಯ ಮಗುವಿಗೆ ಬಂದಾಗ ಫೀಸು ಕೊಟ್ಟು ಕೇಳಬೇಕಾದ್ದು ಹೆಚ್ಚೇನೂ ಇರುವುದಿಲ್ಲ, ಇಸುಬು ಇದೆಯೇ, ಕಣ್ಣಿನ ಹತ್ತಿರ ಇದೆಯೇ ಎಂದು ಮನೆಯಲ್ಲೇ ನೋಡಿಕೊಂಡರೆ ಆಯಿತು.